ಅಂದಗೊಳಿಸುವ ಮೊದಲು ಗ್ರಂಥಸೂಚಿಯನ್ನು ಓದಿ

ಸ್ನಾತಕೋತ್ತರ ಕಿರುಪ್ರಬಂಧವೊಂದು ಮೌಲ್ಯಮಾಪನಕ್ಕೆ ಬಂದಾಗ ಅದರ ಗ್ರಂಥಸೂಚಿಗೆ ಸಿಗುವ ಸಮಯ ತೀರ ಕಡಿಮೆ. ಕೊನೆಯ ಎರಡು ಮೂರು ಪುಟಗಳ ಮೇಲೆ ಕಣ್ಣಾಡಿಸಿ, ಇಲ್ಲಿ ಇಸವಿ ಬಿಟ್ಟುಹೋಗಿದೆ, ಅಲ್ಲಿ ಲೇಖಕರ ಹೆಸರಿಲ್ಲ, ಒಂದು ಕಡೆ ಇನಿಶಿಯಲ್ ಮೊದಲು ಬಂದರೆ ಇನ್ನೊಂದು ಕಡೆ ಕೊನೆಗೆ ಬಂದಿದೆ ಎಂದು ಕೆಂಪು ಶಾಯಿಯ ಗುರುತು ಹಾಕಿ, ಅಂಚಿನಲ್ಲಿ ‘ಏಕರೂಪಕ್ಕೆ ತನ್ನಿ’ ಎಂದು ಬರೆದುಬಿಟ್ಟರೆ ಮುಗಿಯಿತು. ವಿದ್ಯಾರ್ಥಿ ಒಂದು ಸಂಜೆ ಕುಳಿತು ಅಲ್ಪವಿರಾಮಗಳನ್ನೆಲ್ಲ ಸರಿಮಾಡುತ್ತಾನೆ, ಇಲ್ಲದ ಇಸವಿಯನ್ನು ಮೊಬೈಲಿನಲ್ಲಿ ಹುಡುಕಿ ತುಂಬುತ್ತಾನೆ, ಪಟ್ಟಿಯನ್ನು ಅಕಾರಾದಿಗೆ ಜೋಡಿಸುತ್ತಾನೆ. ಪಟ್ಟಿ ನೋಡಲು ಚೆನ್ನಾಗಿಯೇ ಕಾಣುತ್ತದೆ. ನನ್ನ ತಕರಾರು ಇರುವುದು ಈ ಕ್ರಮದ ಬಗ್ಗೆಯೇ. ಗ್ರಂಥಸೂಚಿಯಲ್ಲಿ ಕಾಣುವ ಅಸ್ತವ್ಯಸ್ತತೆ ಬರೀ ಅಶಿಸ್ತಲ್ಲ. ಪ್ರತಿಯೊಂದು ನಮೂದೂ ಎಲ್ಲಿಂದ ಬಂತು, ಆ ಪುಸ್ತಕವನ್ನು ವಿದ್ಯಾರ್ಥಿ ಕೈಯಲ್ಲಿ ಹಿಡಿದಿದ್ದನೋ ಇಲ್ಲವೋ ಎನ್ನುವುದಕ್ಕೆ ನಮಗೆ ಸಿಗುವ ಸಾಕ್ಷಿ ಅದೊಂದೇ. ಮೊದಲೇ ಏಕರೂಪಕ್ಕೆ ತಂದರೆ ಆ ಸಾಕ್ಷಿಯನ್ನೇ ಅಳಿಸಿ ಹಾಕಿದಂತಾಗುತ್ತದೆ. ಆದ್ದರಿಂದ ಪರಿಶೀಲನೆ ಮೊದಲು, ಅಂದಗೊಳಿಸುವುದು ಕಟ್ಟಕಡೆಗೆ.

ಇದನ್ನು ಒಂದು ವರದಿಯ ಮೇಲೇ ನೋಡೋಣ. ವರದಿ ಊಹೆಯದು, ಅದರೊಳಗಿನ ಪುಸ್ತಕಗಳು ನಿಜವಾದವು. ಶ್ರವಣಬೆಳಗೊಳದ ಸಲ್ಲೇಖನ ಶಾಸನಗಳ ಕುರಿತು ಎಂ.ಎ. ವಿದ್ಯಾರ್ಥಿಯೊಬ್ಬ ಅರುವತ್ತು ಪುಟದ ಕಿರುಪ್ರಬಂಧ ಬರೆದಿದ್ದಾನೆ ಎಂದಿಟ್ಟುಕೊಳ್ಳಿ. ಕೊನೆಯ ಪಟ್ಟಿಯಲ್ಲಿ ಮೂವತ್ತರಷ್ಟು ನಮೂದುಗಳಿವೆ. ಮೊದಲು ಮಾಡಬೇಕಾದ್ದು ಪಟ್ಟಿಯನ್ನು ತಿದ್ದುವುದಲ್ಲ, ಅದರ ಒಂದು ಪ್ರತಿಯನ್ನು ಇದ್ದ ಹಾಗೆಯೇ ಮುದ್ರಿಸಿ ಪಕ್ಕಕ್ಕಿಟ್ಟುಕೊಳ್ಳುವುದು. ಆಮೇಲೆ ಪ್ರಬಂಧದ ಒಡಲನ್ನು ಮೊದಲ ಪುಟದಿಂದ ಓದುತ್ತ, ಆವರಣದಲ್ಲೋ ಅಡಿಟಿಪ್ಪಣಿಯಲ್ಲೋ ಬಂದ ಪ್ರತಿಯೊಂದು ಆಕರಕ್ಕೂ ಆ ಮುದ್ರಿತ ಪಟ್ಟಿಯಲ್ಲಿ ಒಂದು ಗೀಟು ಹಾಕುತ್ತ ಹೋಗಬೇಕು. ಒಡಲಲ್ಲಿ ಇದ್ದು ಪಟ್ಟಿಯಲ್ಲಿ ಇಲ್ಲದ್ದನ್ನು ಅಂಚಿನಲ್ಲಿ ಬರೆದುಕೊಳ್ಳಬೇಕು. ಇದು ಮರೆವಿನ ತಪ್ಪು, ಸುಲಭವಾಗಿ ಸರಿಹೋಗುತ್ತದೆ. ಪಟ್ಟಿಯಲ್ಲಿ ಇದ್ದು ಒಂದೂ ಗೀಟು ಬೀಳದೆ ಉಳಿದದ್ದು ಹೆಚ್ಚು ಕುತೂಹಲದ ಸಂಗತಿ. ಅದು ವಿದ್ಯಾರ್ಥಿ ಓದಿಯೂ ಬಳಸದ ಪುಸ್ತಕವಾಗಿರಬಹುದು, ಪಟ್ಟಿ ಉದ್ದವಾಗಲಿ ಎಂದು ಹಿರಿಯರ ಪ್ರಬಂಧದಿಂದ ಎತ್ತಿ ಇಟ್ಟದ್ದೂ ಆಗಿರಬಹುದು. ಈ ಹೊಂದಾಣಿಕೆಯನ್ನು ಕಂಪ್ಯೂಟರಿನ ಹುಡುಕಾಟಕ್ಕೆ ಒಪ್ಪಿಸುವವರು ಒಂದಿಷ್ಟು ಎಚ್ಚರದಿಂದಿರಬೇಕು. ‘ಚಿದಾನಂದಮೂರ್ತಿ’ ಎಂದು ಕೊಟ್ಟರೆ ‘ಚಿದಾನಂದ ಮೂರ್ತಿ’ ಸಿಗುವುದಿಲ್ಲ. ‘1966’ ಎಂದು ಹುಡುಕಿದರೆ ‘೧೯೬೬’ ತಪ್ಪಿಸಿಕೊಳ್ಳುವುದುಂಟು. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಾದ ಅಧ್ಯಾಯವಾದರೆ ಯೂನಿಕೋಡಿನ ಹುಡುಕಾಟಕ್ಕೆ ಏನೂ ಸಿಗದು. ಹೆಸರಿನ ತುಂಡೊಂದನ್ನು, ‘ಚಿದಾನಂದ’ ಎಂದಷ್ಟನ್ನೇ, ಕೊಟ್ಟು ಹುಡುಕುವುದು ವಾಸಿ. ಅರುವತ್ತು ಪುಟಕ್ಕೆ ಕಣ್ಣು ಮತ್ತು ಪೆನ್ಸಿಲ್ಲೇ ಸಾಕು.

ಈಗ ಪಟ್ಟಿಯ ಒಂದು ನಮೂದನ್ನು ಹತ್ತಿರದಿಂದ ನೋಡಿ: ‘ಎಪಿಗ್ರಾಫಿಯಾ ಕರ್ನಾಟಿಕಾ, ಸಂ. 2, ಶ್ರವಣಬೆಳಗೊಳ’. ಸಂಪಾದಕರ ಹೆಸರಿಲ್ಲ, ಇಸವಿ ಇಲ್ಲ. ಶಾಸನ ಎಂದ ಮೇಲೆ ಎಪಿಗ್ರಾಫಿಯಾ ಎಲ್ಲರಿಗೂ ಗೊತ್ತು, ಇಸವಿ ಏಕೆ ಎಂದು ವಿದ್ಯಾರ್ಥಿಯಷ್ಟೇ ಅಲ್ಲ, ಅನೇಕ ವೇಳೆ ಮಾರ್ಗದರ್ಶಕರೂ ಭಾವಿಸುತ್ತಾರೆ. ಆದರೆ ಈ ಎರಡನೆಯ ಸಂಪುಟ ಒಂದಲ್ಲ, ಮೂರು. ಬಿ.ಎಲ್. ರೈಸ್ ಅದನ್ನು ಮೊದಲು ಹೊರತಂದದ್ದು 1889ರಲ್ಲಿ. ಅದರಲ್ಲಿ ಇದ್ದದ್ದು 144 ಶಾಸನ. ಆರ್. ನರಸಿಂಹಾಚಾರ್ ಅದನ್ನು ಪರಿಷ್ಕರಿಸಿ 1923ರಲ್ಲಿ ಪ್ರಕಟಿಸಿದಾಗ ಶಾಸನಗಳು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಪರಿಷ್ಕೃತ ಆವೃತ್ತಿಯಲ್ಲಿ ಅವು 573. ಸಂಖ್ಯೆ ಬೆಳೆದಂತೆ ಶಾಸನಗಳ ಕ್ರಮಾಂಕವೂ ಅಲ್ಲಲ್ಲಿ ಬದಲಾಗಿದೆ. ಅಂದಮೇಲೆ ಇಸವಿಯಿಲ್ಲದೆ ‘ಎ.ಕ. 2, 90’ ಎಂದು ಬರೆದರೆ ಓದುಗ ಯಾವ ಕಲ್ಲಿನ ಮುಂದೆ ಹೋಗಿ ನಿಲ್ಲಬೇಕು? ಮೂರು ಸಂಪುಟಗಳಲ್ಲೂ 90 ಇದೆ, ಮೂರೂ ಒಂದೇ ಶಾಸನವಾಗಿರಲೇಬೇಕೆಂದಿಲ್ಲ.

ಇಂಥ ಕಡೆ ಪ್ರಬಂಧದ ಒಡಲೇ ನೆರವಿಗೆ ಬರುತ್ತದೆ. ವಿದ್ಯಾರ್ಥಿ ಒಡಲಿನಲ್ಲಿ ಎಲ್ಲಾದರೂ ‘ಎ.ಕ. 2, 540’ ಎಂದು ಬರೆದಿದ್ದರೆ ಅವನ ಕೈಯಲ್ಲಿದ್ದದ್ದು 1973ರ ಆವೃತ್ತಿಯೇ ಇರಬೇಕು. 540ನೆಯ ಶಾಸನ ಉಳಿದೆರಡರಲ್ಲಿ ಇಲ್ಲ. 300 ಎಂದಿದ್ದರೆ ರೈಸ್ ಅವರದ್ದಂತೂ ಅಲ್ಲ. ಆದರೆ ಒಂದೇ ಪ್ರಬಂಧದಲ್ಲಿ 540ರ ಜೊತೆಗೆ, ರೈಸ್ ಕೊಟ್ಟ ಕ್ರಮಾಂಕಕ್ಕೆ ಮಾತ್ರ ಹೊಂದುವ ಇನ್ನೊಂದು ಶಾಸನದ ಪಾಠವೂ ಇದ್ದರೆ, ಎರಡು ಆವೃತ್ತಿಗಳು ಒಂದೇ ನಮೂದಿನಲ್ಲಿ ಬೆರೆತಿವೆ ಎಂದರ್ಥ. ಬಹುಶಃ ಒಂದನ್ನು ಅವನು ಗ್ರಂಥಾಲಯದಲ್ಲಿ ನೋಡಿದ್ದಾನೆ, ಇನ್ನೊಂದನ್ನು ಯಾರದೋ ಹಳೆಯ ಲೇಖನದ ಅಡಿಟಿಪ್ಪಣಿಯಿಂದ ತೆಗೆದುಕೊಂಡಿದ್ದಾನೆ. ಇದಕ್ಕೆ ಪರಿಹಾರ ಒಂದು ಇಸವಿ ತುಂಬುವುದಲ್ಲ; ನಮೂದನ್ನೇ ಎರಡಾಗಿ ಒಡೆದು, ಒಡಲಿನ ಪ್ರತಿಯೊಂದು ಕ್ರಮಾಂಕದ ಪಕ್ಕದಲ್ಲೂ ಆವೃತ್ತಿಯ ಇಸವಿ ಬರೆಯುವುದು. ಹುಡುಕಾಟದ ಮೊದಲ ಫಲಿತಾಂಶದಲ್ಲಿ ಸಿಕ್ಕ ‘1889’ನ್ನು ತುಂಬಿಬಿಟ್ಟಿದ್ದರೆ? ಪಟ್ಟಿ ಪೂರ್ತಿಯಾದಂತೆ ಕಾಣುತ್ತಿತ್ತು, 144 ಶಾಸನಗಳ ಪುಸ್ತಕದಲ್ಲಿ ಓದುಗ 540ನೆಯದನ್ನು ಹುಡುಕುತ್ತ ಕೂರುತ್ತಿದ್ದ. ಖಾಲಿ ಬಿಟ್ಟ ಜಾಗ ತನ್ನ ಕೊರತೆಯನ್ನು ತಾನೇ ಹೇಳಿಕೊಳ್ಳುತ್ತದೆ. ತಪ್ಪು ಇಸವಿ ಬಾಯಿಬಿಡುವುದಿಲ್ಲ. ಈ ಎರಡರಲ್ಲಿ ಆರಿಸಿಕೋ ಎಂದರೆ ನಾನು ಖಾಲಿ ಜಾಗವನ್ನೇ ಆರಿಸಿಕೊಳ್ಳುತ್ತೇನೆ.

ಅದೇ ನಮೂದಿನ ‘ಸಂ.’ ಕೂಡ ಸ್ವಲ್ಪ ಗಮನಕ್ಕೆ ಅರ್ಹ. ನಮ್ಮ ಗ್ರಂಥಸೂಚಿಗಳಲ್ಲಿ ಸಂಪುಟಕ್ಕೂ ‘ಸಂ.’, ಸಂಚಿಕೆಗೂ ‘ಸಂ.’, ಸಂಖ್ಯೆಗೂ ‘ಸಂ.’, ಸಂಪಾದಕರಿಗೂ ‘ಸಂ.’. ನಿಯತಕಾಲಿಕದ ಲೇಖನವೊಂದಕ್ಕೆ ‘ಸಂ. 12, ಸಂ. 3’ ಎಂದಿದ್ದರೆ ಹೇಗೋ ಊಹಿಸಬಹುದು, ‘ಸಂ. 3’ ಮಾತ್ರ ಇದ್ದರೆ ಊಹೆಯೂ ನಿಲ್ಲುತ್ತದೆ. ಸಂಪುಟ, ಸಂಚಿಕೆ ಎಂದು ಪೂರ್ತಿ ಬರೆಯುವುದಕ್ಕೆ ಎಷ್ಟು ಶಾಯಿ ಖರ್ಚಾದೀತು!

ಇಸವಿಯ ವಿಷಯಕ್ಕೇ ಮರಳಿದರೆ, ಇಲ್ಲದ ಇಸವಿಗಿಂತ ಇದ್ದೂ ತಪ್ಪಾದ ಇಸವಿ ಹೆಚ್ಚು ಕಾಡುತ್ತದೆ ಎನ್ನುವುದಕ್ಕೆ ಇನ್ನೆರಡು ನಮೂದುಗಳನ್ನು ನೋಡಬಹುದು. ಒಂದು: ‘ಚಿದಾನಂದಮೂರ್ತಿ, ಎಂ. (1931), ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಆ ಪುಸ್ತಕ ಪ್ರಕಟವಾದದ್ದು 1966ರಲ್ಲಿ. 1931 ಲೇಖಕರು ಹುಟ್ಟಿದ ವರ್ಷ. ಗ್ರಂಥಾಲಯಗಳ ಸೂಚಿಯಲ್ಲಿ ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಲೇಖಕರ ಹೆಸರಿನ ಮುಂದೆ ಜನ್ಮವರ್ಷ ಕೊಟ್ಟು ಒಂದು ಅಡ್ಡಗೆರೆ ಎಳೆಯುವ ರೂಢಿಯಿದೆ. ವಿದ್ಯಾರ್ಥಿ ಅದನ್ನು ಪರದೆಯಿಂದ ನಕಲು ಮಾಡಿಕೊಂಡು, ಹೆಸರಿನ ಪಕ್ಕದ ಅಂಕಿ ಪ್ರಕಟಣೆಯದೇ ಇರಬೇಕೆಂದು ಆವರಣ ಹಾಕಿದ್ದಾನೆ. ಆವರಣವೂ ಅಲ್ಪವಿರಾಮವೂ ಸರಿಯಾದ ಜಾಗದಲ್ಲೇ ಇವೆ. ರೂಪವನ್ನು ಮಾತ್ರ ನೋಡುವ ಪರೀಕ್ಷಕರಿಗೆ ಈ ನಮೂದು ಪಟ್ಟಿಯಲ್ಲೇ ಅತ್ಯಂತ ಶಿಸ್ತಿನದು. ಎರಡು: ಷ. ಶೆಟ್ಟರ್ ಅವರ ‘ಇನ್ವೈಟಿಂಗ್ ಡೆತ್’. ಸಲ್ಲೇಖನದ ವಿಷಯಕ್ಕೆ ಬಿಡಲಾಗದ ಪುಸ್ತಕ. ಪಟ್ಟಿಯಲ್ಲಿ ಅದರ ಇಸವಿ 1986, ಪ್ರಕಾಶಕರು ಬ್ರಿಲ್ ಎಂದಿದೆ. ಆದರೆ 1986ರದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬಂದದ್ದು. ಹಾಲೆಂಡಿನ ಬ್ರಿಲ್ ಅದನ್ನು ಬೇರೆ ಉಪಶೀರ್ಷಿಕೆಯೊಂದಿಗೆ ಪ್ರಕಟಿಸಿದ್ದು 1989ರಲ್ಲಿ. ‘1986, ಬ್ರಿಲ್’ ಎನ್ನುವ ಪುಸ್ತಕ ಯಾವ ಗ್ರಂಥಾಲಯದ ಕಪಾಟಿನಲ್ಲೂ ಇಲ್ಲ. ಎರಡು ಮೂಲಗಳಿಂದ ಅರ್ಧರ್ಧ ಎತ್ತಿದಾಗ ಹುಟ್ಟುವ ನಮೂದು ಇದು. ಪ್ರಕಾಶಕರು, ಊರು, ಇಸವಿ ಈ ಮೂರೂ ಒಂದೇ ಆವೃತ್ತಿಯವೇ ಎಂದು ನೋಡುವುದೇ ಇದನ್ನು ಹಿಡಿಯುವ ದಾರಿ, ಅದಕ್ಕೆ ಪುಸ್ತಕದ ಶೀರ್ಷಿಕೆ ಪುಟ ಮತ್ತು ಅದರ ಹಿಂದಿನ ಮುದ್ರಣ ವಿವರದ ಪುಟ ಬೇಕು. ಮುಖಪುಟದ ಚಿತ್ರ ಸಾಲದು.

ಮರುಮುದ್ರಣದ ಪ್ರಶ್ನೆಯೂ ಇಲ್ಲೇ ಬರುತ್ತದೆ. ಚಿದಾನಂದಮೂರ್ತಿಯವರ ಪುಸ್ತಕದ ಮರುಮುದ್ರಣವನ್ನು ಓದಿದ ವಿದ್ಯಾರ್ಥಿ ಯಾವ ಇಸವಿ ಹಾಕಬೇಕು? ಪುಟಸಂಖ್ಯೆ ಕೊಟ್ಟಿದ್ದರೆ ಆ ಪುಟಗಳಿರುವ ಮುದ್ರಣದ ಇಸವಿಯನ್ನೇ ಹಾಕಬೇಕು, ಏಕೆಂದರೆ ಹೊಸದಾಗಿ ಅಕ್ಷರ ಜೋಡಿಸಿದಾಗ ಪುಟಗಳು ಸರಿಯುತ್ತವೆ. ಆದರೆ ಅಷ್ಟಕ್ಕೇ ನಿಂತರೆ ಇನ್ನೊಂದು ಅನರ್ಥ. 1973ರ ಪರಿಷ್ಕೃತ ಸಂಪುಟ ಬರುವುದಕ್ಕೆ ಮೊದಲು ಬರೆದ ಗ್ರಂಥವೊಂದು ಈಚಿನ ಮರುಮುದ್ರಣದ ಇಸವಿಯೊಂದಿಗೆ ಪಟ್ಟಿಯಲ್ಲಿ ಕೂತರೆ, ಆ ಲೇಖಕರು ಹೊಸ ಸಂಪುಟವನ್ನು ನೋಡಿಯೂ ಬಳಸಿಲ್ಲವಲ್ಲ ಎಂದು ಓದುಗನಿಗೆ ಅನಿಸೀತು. ಮೊದಲ ಮುದ್ರಣದ ಇಸವಿ ಕೊಟ್ಟು, ಓರೆಗೆರೆ ಎಳೆದು, ಓದಿದ ಮುದ್ರಣದ ಇಸವಿಯನ್ನು ಮುಂದೆ ಬರೆಯುವ ಪದ್ಧತಿ ಎಪಿಎ ಶೈಲಿಯಲ್ಲಿ ಇದೆ. ಕನ್ನಡದಲ್ಲೂ ಅದು ಚೆನ್ನಾಗಿಯೇ ಹೊಂದುತ್ತದೆ. ಬಹುಸಂಪುಟದ ಗ್ರಂಥಗಳಿಗೂ ಇದೇ ಜಾಗ್ರತೆ ಬೇಕು. ‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919, 1929ರಲ್ಲಿ ಬಂದವು, ಮೂರನೆಯ ಸಂಪುಟದ ಮಾತಿಗೆ 1907 ಎಂದು ಬರೆದರೆ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋದಂತಾಯಿತು.

ಲೇಖಕರ ಹೆಸರಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ಕಾಣೆಯಾಗುವುದಕ್ಕಿಂತ ಒಬ್ಬರು ಇಬ್ಬರಾಗುವುದು, ಇಬ್ಬರು ಒಬ್ಬರಾಗುವುದು ಹೆಚ್ಚು. ಕವಿಚರಿತೆಯನ್ನು ಬರೆದ ನರಸಿಂಹಾಚಾರ್ ಅವರೇ 1923ರ ಶಾಸನ ಸಂಪುಟದ ಸಂಪಾದಕರು. ಪಟ್ಟಿಯಲ್ಲಿ ಒಂದು ಕಡೆ ‘ಆರ್. ನರಸಿಂಹಾಚಾರ್’ ಎಂದು ಆ ಅಕ್ಷರದ ಕೆಳಗೂ, ಇನ್ನೊಂದು ಕಡೆ ‘ನರಸಿಂಹಾಚಾರ್ಯ, ಆರ್.’ ಎಂದು ನ ಅಕ್ಷರದ ಕೆಳಗೂ ಅವರು ಕೂತಿದ್ದರೆ ಓದುಗನಿಗೆ ಇಬ್ಬರು ವಿದ್ವಾಂಸರು ಸಿಗುತ್ತಾರೆ. ಇದಕ್ಕೆ ತದ್ವಿರುದ್ಧವಾದದ್ದು ರೈಸ್ ಪ್ರಕರಣ. ಶಾಸನಗಳ ಬಿ.ಎಲ್. ರೈಸ್ ಬೇರೆ, ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆ ಬರೆದ ಇ.ಪಿ. ರೈಸ್ ಬೇರೆ. ಒಡಲಿನಲ್ಲಿ ‘ರೈಸ್ ಹೇಳುವಂತೆ’ ಎಂದು ಇಸವಿಯಿಲ್ಲದೆ ಬಂದರೆ ಇಬ್ಬರೂ ಒಂದಾಗಿಬಿಡುತ್ತಾರೆ. ಇಂಥ ಕಡೆ ಇನಿಶಿಯಲ್ ಅಲಂಕಾರವಲ್ಲ, ಅದೇ ಗುರುತು. ಇನ್ನು ಇಂಗ್ಲಿಷಿನ ಶೈಲಿಯನ್ನು ಕಣ್ಣುಮುಚ್ಚಿ ಅನುಸರಿಸುವವರು ಹೆಸರಿನ ಕೊನೆಯ ತುಂಡನ್ನು ಮನೆತನದ ಹೆಸರೆಂದುಕೊಂಡು ‘ಮೂರ್ತಿ, ಎಂ. ಚಿದಾನಂದ’ ಎಂದು ಬರೆಯುತ್ತಾರೆ. ಹಳೆಯ ಮೈಸೂರಿನ ಕಡೆಯ ಹೆಸರುಗಳಲ್ಲಿ ಇನಿಶಿಯಲ್ ಸಾಮಾನ್ಯವಾಗಿ ಊರಿನದೋ ತಂದೆಯದೋ ಆಗಿರುತ್ತದೆ. ‘ಮೂರ್ತಿ’ ಮನೆತನವಲ್ಲ, ವ್ಯಕ್ತಿಯ ಹೆಸರಿನದೇ ಭಾಗ. ಉತ್ತರ ಕರ್ನಾಟಕದ ‘ಶೆಟ್ಟರ್’ ಮನೆತನದ ಹೆಸರು, ಅಲ್ಲಿ ಹಾಗೆ ಬರೆದರೆ ಸರಿ. ಒಂದೇ ನಿಯಮವನ್ನು ಇಬ್ಬರ ಮೇಲೂ ಹೇರಿದರೆ ಏಕರೂಪತೆ ಬರುತ್ತದೆ, ಒಬ್ಬರ ಹೆಸರು ಕೆಡುತ್ತದೆ. ಸಂಸ್ಥೆಗಳ ಹೆಸರಿನಲ್ಲೂ ಹಾಗೆಯೇ: ಮೈಸೂರಿನದು ವಿಶ್ವವಿದ್ಯಾನಿಲಯ, ಹಂಪಿಯ ಕನ್ನಡದ್ದು ವಿಶ್ವವಿದ್ಯಾಲಯ. ಒಂದನ್ನು ಇನ್ನೊಂದಕ್ಕೆ ತಿದ್ದುವುದು ಏಕರೂಪತೆಯಲ್ಲ, ತಪ್ಪು.

ರೂಪದ ವ್ಯತ್ಯಾಸಗಳೇ ಸಾಕ್ಷಿ ಎಂದೆ. ಅವುಗಳನ್ನು ಓದುವ ಬಗೆ ಹೀಗೆ. ಇಡೀ ಪುಸ್ತಕದ ನಮೂದಿನ ಕೊನೆಯಲ್ಲಿ ‘ಪು. 112’ ಎಂದು ಒಂಟಿ ಪುಟಸಂಖ್ಯೆ ಉಳಿದಿದ್ದರೆ ಅದು ಬೇರೊಬ್ಬರ ಅಡಿಟಿಪ್ಪಣಿಯಿಂದ ಬಂದಿರುವ ಸಾಧ್ಯತೆ ಹೆಚ್ಚು. ‘ಅದೇ’, ‘ಪೂರ್ವೋಕ್ತ’ ಎಂಬ ಮಾತು ಪಟ್ಟಿಯೊಳಕ್ಕೆ ನುಸುಳಿದ್ದರೆ ಸಂಶಯವೇ ಇಲ್ಲ. ಬೆಲೆ, ಪುಟಗಳ ಒಟ್ಟು ಸಂಖ್ಯೆ, ‘ಹಾರ್ಡ್‌ಕವರ್’ ಎಂಬ ಮಾತು ಇದ್ದರೆ ಪುಸ್ತಕದಂಗಡಿಯ ಜಾಲತಾಣ. ಉಳಿದ ಯಾವುದಕ್ಕೂ ಇಲ್ಲದ ಪ್ರಕಟಣೆಯ ಊರು ಎರಡು ನಮೂದುಗಳಿಗೆ ಮಾತ್ರ ಇದ್ದರೆ ಆ ಎರಡೂ ಒಂದೇ ಕಡೆಯಿಂದ, ಬಹುಶಃ ಹಳೆಯ ಪ್ರಬಂಧವೊಂದರ ಪಟ್ಟಿಯಿಂದ ಬಂದಿವೆ. 2019ರ ಎಪಿಎ ಏಳನೆಯ ಆವೃತ್ತಿ ಊರಿನ ಹೆಸರನ್ನು ಕೈಬಿಟ್ಟಿದೆ, ಅದಕ್ಕೆ ಹಿಂದಿನದು ಕೇಳುತ್ತಿತ್ತು. ಇವು ಯಾವುವೂ ಅಪರಾಧವನ್ನು ಸಾಬೀತುಮಾಡುವುದಿಲ್ಲ. ಪುಸ್ತಕ ಓದಿದ ಮೇಲೂ ವಿವರವನ್ನು ಬೇರೆ ಕಡೆಯಿಂದ ನಕಲು ಮಾಡಿಕೊಳ್ಳಬಹುದು. ಆದ್ದರಿಂದ ಈ ಗುರುತುಗಳಿಂದ ಪರೀಕ್ಷಕರು ಕೇಳಬೇಕಾದ ಪ್ರಶ್ನೆ ಹುಟ್ಟಬೇಕೇ ಹೊರತು ತೀರ್ಪಲ್ಲ: ಈ ಪುಸ್ತಕ ನಿನಗೆ ಎಲ್ಲಿ ಸಿಕ್ಕಿತು? ‘ನೋಡಿಲ್ಲ ಸರ್, ಇಂಥವರ ಲೇಖನದಲ್ಲಿತ್ತು’ ಎಂದರೆ ದಾರಿ ಸರಳ. ಓದಿದ ಲೇಖನ ಪಟ್ಟಿಗೆ ಬರಬೇಕು, ಓದದ ಪುಸ್ತಕ ಪಟ್ಟಿಯಿಂದ ಹೋಗಬೇಕು, ಒಡಲಿನಲ್ಲಿ ‘ಇಂಥವರು ಉದ್ಧರಿಸಿದಂತೆ’ ಎಂಬ ಮಾತು ಸೇರಬೇಕು.

ಇಷ್ಟೆಲ್ಲ ಏಕೆ, ಈಗ ತಂತ್ರಾಂಶಗಳಿವೆಯಲ್ಲ ಎನ್ನುವವರಿದ್ದಾರೆ. ಝೋಟೆರೊದಂಥವು ಒಳ್ಳೆಯ ಉಪಕರಣಗಳೇ. ಮೂವತ್ತು ನಮೂದುಗಳ ಅಲ್ಪವಿರಾಮವನ್ನು ಅವು ಕ್ಷಣದಲ್ಲಿ ಸರಿಮಾಡುತ್ತವೆ. ಆದರೆ ಅವು ಸರಿಮಾಡುವುದು ರೂಪವನ್ನು. ಹೆಸರನ್ನು ಎರಡು ಖಾನೆಗೆ ಹಂಚುವಾಗ ‘ಮೂರ್ತಿ’ಯನ್ನು ಮನೆತನದ ಖಾನೆಗೆ ತಳ್ಳಿದರೆ ಅದರ ತಪ್ಪು ಮೂವತ್ತೂ ಕಡೆ ಶಿಸ್ತಾಗಿ ಅಚ್ಚಾಗುತ್ತದೆ. ಅಲ್ಲಿಯೇ ಹೆಸರನ್ನು ಒಂದೇ ಖಾನೆಗೆ ಬದಲಾಯಿಸುವ ಆಯ್ಕೆ ಇದೆ, ಕನ್ನಡದ ವಿದ್ಯಾರ್ಥಿಗಳಿಗೆ ಅದನ್ನು ಮೊದಲ ದಿನವೇ ತೋರಿಸಿಕೊಡಬೇಕು. ‘1986, ಬ್ರಿಲ್’ ಎಂಬ ಇಲ್ಲದ ಪುಸ್ತಕವನ್ನಂತೂ ತಂತ್ರಾಂಶ ಚಕಾರವೆತ್ತದೆ ಒಪ್ಪಿಕೊಳ್ಳುತ್ತದೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಕನ್ನಡಕ್ಕೆ ಎಲ್ಲರೂ ಒಪ್ಪಿದ ಒಂದು ಉಲ್ಲೇಖ ಶೈಲಿಯೇ ಇಲ್ಲ, ವಿಭಾಗಕ್ಕೊಂದು ಪದ್ಧತಿ, ಹಾಗಿರುವಾಗ ವಿದ್ಯಾರ್ಥಿಯನ್ನು ಹಿಡಿದು ಕೇಳುವುದು ಎಷ್ಟು ಸರಿ? ನಿಜ. ಆದರೆ ಆ ಮಾತು ನನ್ನ ವಾದವನ್ನೇ ಗಟ್ಟಿಮಾಡುತ್ತದೆ. ಇಸವಿ ಆವರಣದೊಳಗಿರಲಿ, ಕೊನೆಯಲ್ಲಿರಲಿ, ಓದುಗ ಪುಸ್ತಕ ಹುಡುಕಲು ತೊಂದರೆಯಿಲ್ಲ. ಯಾವ ಆವೃತ್ತಿ ಎಂಬುದು ತಪ್ಪಿದರೆ ಹುಡುಕಲಾಗುವುದಿಲ್ಲ. ಶೈಲಿ ನಿಗದಿಯಾಗಿಲ್ಲದ ಭಾಷೆಯಲ್ಲಿ ರೂಪಕ್ಕೆ ಅಂಕ ಕಡಿಯುವುದಕ್ಕಿಂತ ವಿವರಕ್ಕೆ ಅಂಕ ಕಡಿಯುವುದು ನ್ಯಾಯ.

ಸಮಯದ ಆಕ್ಷೇಪವೊಂದು ಉಳಿಯುತ್ತದೆ. ಹತ್ತಾರು ಪ್ರಬಂಧ ನೋಡಬೇಕಾದ ಅಧ್ಯಾಪಕರು ಪ್ರತಿಯೊಂದರ ಮೂವತ್ತು ಪುಸ್ತಕವನ್ನೂ ತೆರೆದು ನೋಡಲಾರರು, ನೋಡಬೇಕಾಗಿಯೂ ಇಲ್ಲ. ಲೇಖಕರೋ ಇಸವಿಯೋ ಇಲ್ಲದವು, ರೂಪದಲ್ಲಿ ಎದ್ದು ಕಾಣುವಷ್ಟು ಬೇರೆಯಾದವು, ಪ್ರಬಂಧದ ಮುಖ್ಯ ವಾದವನ್ನು ಹೊತ್ತುನಿಂತವು, ಇಷ್ಟನ್ನು ಆರಿಸಿಕೊಂಡರೆ ಸಾಮಾನ್ಯವಾಗಿ ಐದಾರಕ್ಕೆ ಮೀರುವುದಿಲ್ಲ. ಉಳಿದದ್ದನ್ನು ವಿದ್ಯಾರ್ಥಿಗೇ ಬಿಡಬಹುದು. ವಿಭಾಗಗಳಿಗೆ ನನ್ನ ವಿನಂತಿ ಇಷ್ಟೆ: ಕಿರುಪ್ರಬಂಧದ ಕರಡು ತರುವಾಗ ಗ್ರಂಥಸೂಚಿಯ ಪ್ರತಿಯೊಂದು ಪುಸ್ತಕದ ಶೀರ್ಷಿಕೆ ಪುಟದ್ದೂ ಮುದ್ರಣ ವಿವರದ ಪುಟದ್ದೂ ಫೋಟೊ ತರಬೇಕೆಂದು ನಿಯಮ ಮಾಡಿ. ಎಲ್ಲರ ಕೈಯಲ್ಲೂ ಮೊಬೈಲಿದೆ, ಗ್ರಂಥಾಲಯದಲ್ಲಿ ಪುಸ್ತಕ ಕೈಗೆ ಬಂದ ದಿನವೇ ಎರಡು ಚಿತ್ರ ತೆಗೆದಿಟ್ಟುಕೊಂಡರೆ ಆಯಿತು. ಫೋಟೊ ಇಲ್ಲದ ನಮೂದಿನ ಮುಂದೆ ಅದು ಯಾರ ಬರಹದಿಂದ ಬಂತೆಂದು ವಿದ್ಯಾರ್ಥಿ ತಾನೇ ಬರೆಯಲಿ. ಅಲ್ಪವಿರಾಮದ ತಿದ್ದುಪಡಿ ಅದಾದ ಮೇಲೆ.